4.2 ಲಕ್ಷದ ನೌಕರಿ ಹಿಡಿಯಲೋ, ಎಂ.ಟೆಕ್‌ಗೆ ಸೇರಲೋ? ಲೆಕ್ಕ ಗೊತ್ತಿದ್ದವರು ಹೇಳಿ

ಬೆಟಗೇರಿ ಇಸಿ

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯಲ್ಲಿ ಬಿ.ಇ. ಕೊನೆಯ ಸೆಮ್‌ನಲ್ಲಿದ್ದೇನೆ, ಬ್ರಾಂಚ್ ಎಲೆಕ್ಟ್ರಾನಿಕ್ಸ್. ಮನೆ ಬೆಟಗೇರಿಯಲ್ಲಿ. ಅಪ್ಪಾರದು ಸಣ್ಣ ಸೀರೆ ಅಂಗಡಿ. ತಮ್ಮ ಈಗ ಪಿಯುಸಿ ಎರಡನೇ ವರ್ಷ, ಅವನೂ ಇಂಜಿನಿಯರಿಂಗ್ ಅಂತಾನೆ.

ಕ್ಯಾಂಪಸ್‌ನಲ್ಲಿ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಸರ್ವಿಸ್ ಕಂಪನಿ ಆಫರ್ ಕೊಟ್ಟಿದೆ. ಸಿಟಿಸಿ 4.2 ಲಕ್ಷ. ಎರಡು ವರ್ಷದ ಬಾಂಡ್ ಇದೆ, ಮುರಿದರೆ 1.5 ಲಕ್ಷ ಕಟ್ಟಬೇಕು. ನನ್ನ ಮನಸ್ಸು ಮಾತ್ರ ಚಿಪ್ ಡಿಸೈನ್ ಕಡೆ. ಗೇಟ್ ಬರೆದಿದ್ದೆ, ಕಟ್-ಆಫ್‌ಗೆ ಎರಡು ಅಂಕ ಕಡಿಮೆ ಬಿತ್ತು. ಪಿಜಿಸಿಇಟಿ ಮೇಲೆ ಇಲ್ಲೇ ಹತ್ತಿರದ ಒಂದು ಖಾಸಗಿ ಕಾಲೇಜಿನಲ್ಲಿ ಎಂ.ಟೆಕ್ ವಿಎಲ್‌ಎಸ್‌ಐ ಸೀಟು ಸಿಗುವ ಹಾಗಿದೆ. ಫೀ ವರ್ಷಕ್ಕೆ 2 ಲಕ್ಷ.

ಅಪ್ಪಾರು "ನಾಲ್ಕು ಲಕ್ಷ ತಾನೇ, ಸಾಲ ತೆಗೆಯೋಣ, ಓದು" ಅಂತಾರೆ. ಸೋದರಮಾವ "ಕೈಗೆ ಬಂದ ನೌಕರಿ ಬಿಡಬ್ಯಾಡ" ಅಂತಾರೆ. ಇಬ್ಬರದೂ ಸರಿ ಅನ್ನಿಸುತ್ತೆ. ಧೈರ್ಯ ತುಂಬೋದು ಬೇಡ, ದುಡ್ಡಿನ ಲೆಕ್ಕ ಹೇಗೆ ಹಾಕೋದು ಅಂತ ಹೇಳಿದರೆ ಸಾಕು.

ಸಪ್ತಾಪುರದವ

ತಂಗಿ, ಎರಡೂ ಬ್ಯಾಡ. ಧಾರವಾಡಕ್ಕೆ ಬಾ. ಸಪ್ತಾಪುರದಾಗ ಒಂದು ರೂಮ್ ಹಿಡಿ, ಕೆಎಎಸ್‌ಗೆ ಕೂಡು. ಬಿ.ಇ. ಮಾಡಿದವರು ಬಹಳ ಮಂದಿ ಇದ್ದಾರ ಇಲ್ಲಿ. ಲೈಬ್ರರಿ ಅದ, ಮೆಸ್ ಅದ, ಎಲ್ಲಾ ಸೋವಿ. ಸರ್ಕಾರಿ ನೌಕರಿ ಅಂದ್ರ ಲೆಕ್ಕಾನ ಹಾಕೋದು ಬ್ಯಾಡ.

ಬೆಟಗೇರಿ ಇಸಿ

ಅಣ್ಣಾ, ಥ್ಯಾಂಕ್ಸ್. ಆದ್ರೆ ಅದು ನನ್ನ ಪ್ರಶ್ನೆ ಅಲ್ಲ :)

ವಿದ್ಯಾನಗರ ಎಂಬಿಎ

ಇದರಲ್ಲಿ ಯೋಚನೆ ಮಾಡೋದೇನಿದೆ? ಲೆಕ್ಕ ಸುಲಭ. ಈಗ 4.2 ಲಕ್ಷ. ಎಂ.ಟೆಕ್ ವಿಎಲ್‌ಎಸ್‌ಐ ಆದರೆ 8-9 ಲಕ್ಷ ಸಿಗುತ್ತೆ. ಅಂದರೆ ವರ್ಷಕ್ಕೆ 4 ಲಕ್ಷಕ್ಕಿಂತ ಜಾಸ್ತಿ. ಫೀ ಒಟ್ಟು 4 ಲಕ್ಷ. ನೌಕರಿ ಸೇರಿದ ಒಂದೇ ವರ್ಷದಲ್ಲಿ ಹಾಕಿದ ದುಡ್ಡು ವಾಪಸ್. ಆಮೇಲೆ ಜೀವನಪೂರ್ತಿ ಲಾಭ. ಸಾಲ ಮಾಡಿದರೆ ಇಎಂಐ ಬರುತ್ತೆ, ಅದನ್ನೂ ಖರ್ಚಿಗೆ ಸೇರಿಸಿ. ಆದರೂ ಎರಡು ವರ್ಷದೊಳಗೆ ಮುಗಿಯುತ್ತೆ. ಬೆಂಗಳೂರಿಗೆ ಹೋಗಿ ಪಿಜಿಯಲ್ಲಿ ಇದ್ದರೆ ಅಲ್ಲಿ ಉಳಿಯೋದಾದರೂ ಏನು? ಸುಮ್ನೆ ಎರಡು ವರ್ಷ ಹಾಳು.

ಮಾಳಮಡ್ಡಿ ಕಾಕಾ

ವಿದ್ಯಾನಗರದವರು ಹೇಳಿದ್ದರಲ್ಲಿ ಒಂದು ಮಾತು ಖರೇ: ನೋಡಬೇಕಾದ್ದು ಪಗಾರದ ವ್ಯತ್ಯಾಸ. ಆದರೆ ಯಾವ ಪಗಾರಕ್ಕೆ ಯಾವ ಪಗಾರ ಹೋಲಿಸಬೇಕು ಅನ್ನೋದರಲ್ಲಿ ಎಡವಟ್ಟಾಗಿದೆ. ನಾನು ಬ್ಯಾಂಕಿನಲ್ಲಿ ವರ್ಷಗಟ್ಟಲೆ ಶಿಕ್ಷಣ ಸಾಲದ ಫೈಲು ನೋಡಿದವನು, ಈಗ ರಿಟೈರ್ಡ್. ಫೈಲಿನಲ್ಲಿ ಫೀ ಮಾತ್ರ ಕಾಣುತ್ತೆ. ಬಿಟ್ಟುಕೊಟ್ಟ ಪಗಾರ ಯಾವ ಕಾಗದದ ಮೇಲೂ ಬರೋದಿಲ್ಲ.

ತಂಗಿ, ಮೊದಲು ನಿನ್ನ 4.2 ಲಕ್ಷವನ್ನು ಬಿಡಿಸೋಣ. ತಿಂಗಳಿಗೆ 35,000 ಆಯಿತು. ಅದರಲ್ಲಿ ಬೇಸಿಕ್ ಅರ್ಧ, 17,500 ಅಂತ ಇಟ್ಟುಕೋ. ಕಂಪನಿ ಕಟ್ಟುವ ಪಿಎಫ್ ಅದರ ಶೇ. 12, ಅಂದರೆ 2,100. ಅದೂ ನಿನ್ನ ಸಿಟಿಸಿ ಒಳಗೇ ಇರುತ್ತೆ. ಗ್ರಾಚುಟಿ ಅಂತ ಇನ್ನೊಂದು 840 ರೂಪಾಯಿಯಷ್ಟು ಒಳಗೇ ಬರೆದಿರುತ್ತಾರೆ, ಐದು ವರ್ಷ ಇರದವರಿಗೆ ಸಾಮಾನ್ಯವಾಗಿ ಅದು ಕೈಗೆ ಬರೋದಿಲ್ಲ. ಆಮೇಲೆ ನಿನ್ನ ಪಾಲಿನ ಪಿಎಫ್ 2,100, ವೃತ್ತಿ ತೆರಿಗೆ 200. ಕೈಗೆ ಬರೋದು 29,500ರ ಆಸುಪಾಸು. ಆಫರ್ ಲೆಟರ್‌ನಲ್ಲಿ ವೇರಿಯಬಲ್ ಪೇ ಅಂತ ಏನಾದರೂ ಇದ್ದರೆ ಇನ್ನೂ ಕಡಿಮೆ, ಅದನ್ನು ನೋಡು. ಪಿಎಫ್ ನಿನ್ನದೇ ದುಡ್ಡು, ಹಾಗಾಗಿ ಅದನ್ನು ವಾಪಸ್ ಸೇರಿಸಿದರೆ ವರ್ಷಕ್ಕೆ ಸುಮಾರು 4 ಲಕ್ಷ ನಿನ್ನದು.

ಬೆಂಗಳೂರಿನಲ್ಲಿ ಪಿಜಿ, ಊಟ, ಓಡಾಟ ಎಲ್ಲ ಸೇರಿ ತಿಂಗಳಿಗೆ 17,000 ಇಡು. ವರ್ಷಕ್ಕೆ 2 ಲಕ್ಷ ಹೋಗುತ್ತೆ, 2 ಲಕ್ಷ ಉಳಿಯುತ್ತೆ. ಎರಡನೇ ವರ್ಷ ಶೇ. 8 ಇನ್‌ಕ್ರಿಮೆಂಟ್ ಸಿಕ್ಕರೆ 2.2 ಲಕ್ಷ ಉಳಿಯುತ್ತೆ. "ಏನೂ ಉಳಿಯೋದಿಲ್ಲ" ಅನ್ನೋದು ಖರ್ಚು ಮಾಡುವವರ ಕೈ ಮೇಲೆ ಇರುತ್ತೆ, ಬಿಡು.

ಈಗ ಎಂ.ಟೆಕ್ ಕಡೆ. ಫೀ 2 ಲಕ್ಷ, ಹಾಸ್ಟೆಲ್ಲು ಊಟ ಸೇರಿ 1 ಲಕ್ಷ. ವರ್ಷಕ್ಕೆ 3 ಲಕ್ಷ ಮನೆಯಿಂದ ಹೋಗುತ್ತೆ.

ಒಂದು ಕಡೆ 2 ಲಕ್ಷ ಉಳಿತಾಯ, ಇನ್ನೊಂದು ಕಡೆ 3 ಲಕ್ಷ ಖರ್ಚು. ಎರಡರ ನಡುವೆ ಮೊದಲ ವರ್ಷ 5 ಲಕ್ಷದ ಅಂತರ, ಎರಡನೇ ವರ್ಷ 5.2 ಲಕ್ಷ. ದುಡ್ಡಿಗೆ ಶೇ. 10 ಬಡ್ಡಿ ಹಿಡಿದರೆ ಎರಡನೇ ವರ್ಷದ ಕೊನೆಗೆ 10.7 ಲಕ್ಷ. ಅಪ್ಪಾರು ಹೇಳುವ "ನಾಲ್ಕು ಲಕ್ಷ ತಾನೇ" ಅನ್ನೋದರ ನಿಜವಾದ ಬೆಲೆ ಇದು.

ಒಂದು ಮಾತು ಗಮನಿಸು. ಊಟ-ವಸತಿ ಖರ್ಚನ್ನು ನಾನು ಎರಡೂ ಕಡೆ ಹಾಕಿದ್ದೇನೆ. ಬರೀ ಎಂ.ಟೆಕ್ ಕಡೆ ಹಾಕಿದರೆ ಓದು ತುಟ್ಟಿ ಅನ್ನಿಸುತ್ತೆ, ಬರೀ ನೌಕರಿ ಕಡೆ ಹಾಕಿದರೆ ನೌಕರಿಯೇ ದಂಡ ಅನ್ನಿಸುತ್ತೆ. ಊಟ ಎಲ್ಲಿದ್ದರೂ ಮಾಡಲೇಬೇಕು.

ವಿದ್ಯಾನಗರ ಎಂಬಿಎ

ಕಾಕಾ, ಇಎಂಐ ಎಲ್ಲಿ ಹೋಯಿತು? ಸಾಲದ ಬಡ್ಡಿ ಸೇರಿಸದೇ ಲೆಕ್ಕ ಮುಗಿಸಿದಿರಿ.

ಮಾಳಮಡ್ಡಿ ಕಾಕಾ

ಸೇರಿಸಿದ್ದೇನೆ. ಶೇ. 10 ಅಂತ ಹಿಡಿದಿದ್ದು ಅದಕ್ಕೇ. ಫೀಯನ್ನು ಖರ್ಚಿಗೆ ಬರೆದು, ಆ ಫೀಗಾಗಿ ತೆಗೆದ ಸಾಲದ ಇಎಂಐಯನ್ನೂ ಖರ್ಚಿಗೆ ಬರೆದರೆ ಒಂದೇ ದುಡ್ಡನ್ನು ಎರಡು ಸಲ ಎಣಿಸಿದ ಹಾಗಾಯಿತು. "ಇದು ಲಾಭವೋ" ಅಂತ ಕೇಳುವಾಗ ಫೀ ಮತ್ತು ಬಡ್ಡಿ ದರ ಸಾಕು. "ತಿಂಗಳ ಖರ್ಚು ನಿಭಾಯಿಸೋಕೆ ಆಗುತ್ತಾ" ಅಂತ ಕೇಳುವಾಗ ಇಎಂಐ ನೋಡಬೇಕು. ಇವೆರಡೂ ಬೇರೆ ಬೇರೆ ಪ್ರಶ್ನೆ.

ಇಎಂಐಯನ್ನೂ ಹೇಳಿಬಿಡುತ್ತೇನೆ. 6 ಲಕ್ಷ ಸಾಲ, ವರ್ಷಕ್ಕೆ 3 ಲಕ್ಷದಂತೆ ಬಿಡುಗಡೆ. ಕೋರ್ಸ್ ಎರಡು ವರ್ಷ, ಆಮೇಲೆ ಒಂದು ವರ್ಷ ಬಿಡುವು. ಆ ಅವಧಿಯಲ್ಲಿ ಸರಳ ಬಡ್ಡಿ. ಮೊದಲ 3 ಲಕ್ಷಕ್ಕೆ ಮೂರು ವರ್ಷ, ಎರಡನೇ 3 ಲಕ್ಷಕ್ಕೆ ಎರಡು ವರ್ಷ, ಒಟ್ಟು 1.5 ಲಕ್ಷ. ಕಂತು ಶುರುವಾಗುವ ಹೊತ್ತಿಗೆ ಸಾಲ 7.5 ಲಕ್ಷ. ಏಳು ವರ್ಷಕ್ಕೆ ತಿಂಗಳ ಕಂತು 12,450.

ಹಾಂ, ಒಂದು ವಿಚಿತ್ರ ನೋಡ್ರಿ. ಗೇಟ್ ಪಾಸಾಗಿ ಎಂ.ಟೆಕ್ ಸೇರಿದವರಿಗೆ ಸರ್ಕಾರದ ಸ್ಟೈಪೆಂಡ್ ತಿಂಗಳಿಗೆ 12,400, ಇಪ್ಪತ್ನಾಲ್ಕು ತಿಂಗಳು. ಒಬ್ಬರಿಗೆ ತಿಂಗಳಿಗೆ ಬರುವಷ್ಟನ್ನೇ ಇನ್ನೊಬ್ಬರು ಏಳು ವರ್ಷ ಕಟ್ಟಬೇಕು.

ಇಬ್ಬರು ಮಕ್ಕಳ ಅವ್ವ

ನಾನು ಲೆಕ್ಕದಾಗ ಹುಷಾರಿಲ್ಲ. ಆದರೂ ಒಂದು ಕೇಳ್ತೀನಿ. ತಮ್ಮ ಮುಂದಿನ ವರ್ಷ ಇಂಜಿನಿಯರಿಂಗ್ ಸೇರ್ತಾನ ಅಂದೆ. ಆಗ ಅವನ ಫೀ ಯಾರು ಕಟ್ಟೋರು? ನಿನ್ನ ಸಾಲ, ಅವನ ಸಾಲ, ಎರಡಕ್ಕೂ ಅಪ್ಪನ ಒಂದೇ ಸಹಿ. ಅಂಗಡಿ ಮೇಲೆ ಈಗಾಗಲೇ ಸಾಲ ಇದ್ದರೆ ಬ್ಯಾಂಕಿನವರು ಒಪ್ತಾರೇನು? ನಮ್ಮನ್ಯಾಗ ಇದೇ ಆಗಿ, ದೊಡ್ಡವನ ಎಂಬಿಎ ಮುಗಿಯೋತನ ಸಣ್ಣಾಕಿ ಬಿಎಸ್ಸಿಗೆ ಸುಮ್ನ ಸೇರಿದಳು.

ಮಾಳಮಡ್ಡಿ ಕಾಕಾ

ಅಕ್ಕಾರ, ಇದು ನನ್ನ ಲೆಕ್ಕಕ್ಕಿಂತ ದೊಡ್ಡ ಮಾತು. ಶಿಕ್ಷಣ ಸಾಲದ ಮಾದರಿ ಯೋಜನೆಯಲ್ಲಿ 4 ಲಕ್ಷದವರೆಗೆ ಬೇರೆ ಜಾಮೀನು ಕೇಳೋದಿಲ್ಲ, ತಂದೆ-ತಾಯಿ ಜಂಟಿ ಸಾಲಗಾರರಾದರೆ ಸಾಕು. 4 ದಾಟಿ 7.5 ಲಕ್ಷದವರೆಗೆ ಕೆಲವು ಬ್ಯಾಂಕಿನವರು ಮೂರನೆಯವರ ಜಾಮೀನು ಕೇಳಬಹುದು. ಅದರ ಮೇಲೆ ಆಸ್ತಿ ಅಡವು. ಇವಳ 6 ಲಕ್ಷಕ್ಕೆ ಸೋದರಮಾವನೋ ಯಾರೋ ಸಹಿ ಹಾಕಬೇಕಾಗಬಹುದು. ಅದೇ ಮಾವನ ಸಹಿ ನಾಳೆ ತಮ್ಮನಿಗೂ ಬೇಕಾಗಬಹುದು.

ಮನೆಯ ಆದಾಯ ವರ್ಷಕ್ಕೆ 4.5 ಲಕ್ಷದೊಳಗಿದ್ದರೆ ಓದುವ ಅವಧಿಯ ಬಡ್ಡಿಗೆ ಕೇಂದ್ರದ ಸಹಾಯಧನವಿದೆ. ಆದರೆ ಒಬ್ಬ ವಿದ್ಯಾರ್ಥಿಗೆ ಒಂದೇ ಸಲ, ಡಿಗ್ರಿಗೋ ಪಿಜಿಗೋ. ಕಾಲೇಜಿಗೋ ಕೋರ್ಸಿಗೋ ನ್ಯಾಕ್ ಅಥವಾ ಎನ್‌ಬಿಎ ಮಾನ್ಯತೆಯೂ ಬೇಕು. ತಂಗಿ, ಬಿ.ಇ.ಗೆ ಅದನ್ನು ತಗೊಂಡಿದ್ದೆಯಾ?

ಬೆಟಗೇರಿ ಇಸಿ

ಇಲ್ಲ ಕಾಕಾ, ಬಿ.ಇ. ಸಾಲವಿಲ್ಲದೇ ಮುಗಿಯಿತು. ಅಂಗಡಿ ಮೇಲೆ ಸೊಸೈಟಿ ಸಾಲ ಸ್ವಲ್ಪ ಇದೆ. ತಮ್ಮನ ವಿಷಯ ಮನೆಯಲ್ಲಿ ಯಾರೂ ಎತ್ತಿರಲಿಲ್ಲ, ಅಕ್ಕಾರು ಹೇಳಿದ ಮೇಲೆ ನಿನ್ನೆ ರಾತ್ರಿ ಅಪ್ಪಾರ ಮುಂದೆ ಇಟ್ಟೆ. ಸುಮ್ಮನೆ ಕೂತರು.

ಇನ್ನೊಂದು. ಹಾಸ್ಟೆಲ್ ಬೇಡ, ಗದಗದಿಂದ ರೈಲಿನಲ್ಲಿ ಓಡಾಡಿದರೆ ಖರ್ಚು ಉಳಿಯುತ್ತೆ ಅಲ್ವಾ?

ಚಿಪ್ಪಿನ ಹಾವೇರಿ

ನಾನು ಹಾವೇರಿಯವನು. ಬೆಂಗಳೂರಿನಲ್ಲಿ ಚಿಪ್ ವೆರಿಫಿಕೇಷನ್ ಕೆಲಸ. ರೈಲಿನ ಬಗ್ಗೆ ಮೊದಲು ಹೇಳ್ತೀನಿ: ಪಾಸ್ ಮಾಡಿಸಿ ಓಡಾಡಿದರೆ ಎರಡು ವರ್ಷಕ್ಕೆ ಲಕ್ಷದ ಮೇಲೆ ಉಳಿಯಬಹುದು. ಆದರೆ ಟೂಲ್ ಲೈಸೆನ್ಸ್ ಇರೋದು ಕಾಲೇಜಿನ ಲ್ಯಾಬ್‌ನಲ್ಲಿ. ಸಿಮ್ಯುಲೇಷನ್ ಓಡಿಸಿ ಸಂಜೆ ಏಳಕ್ಕೆ ಫೇಲ್ ಅಂತ ಬಂದರೆ ಅಲ್ಲೇ ಕೂತು ಲಾಗ್ ನೋಡಬೇಕು. ರೈಲಿಗೆ ಓಡಿದರೆ ನಾಳೆಗೆ ಹೋಗುತ್ತೆ. ಎಂ.ಟೆಕ್‌ನಿಂದ ನೀವು ಕೊಳ್ಳುತ್ತಿರೋದೇ ಆ ಲ್ಯಾಬಿನ ಸಮಯ, ಅದರಲ್ಲಿ ಉಳಿಸಬೇಡಿ.

ಈಗ ಮುಖ್ಯ ವಿಷಯ. ವಿಎಲ್‌ಎಸ್‌ಐ ಎಂ.ಟೆಕ್‌ನ ಬೆಲೆ ಎರಡನೇ ವರ್ಷದ ಇಂಟರ್ನ್‌ಶಿಪ್‌ನಲ್ಲಿದೆ. ಕಂಪನಿಗಳು ಹುಡುಗರನ್ನು ಆರು ತಿಂಗಳೋ ವರ್ಷವೋ ಇಟ್ಟುಕೊಂಡು ನೋಡುತ್ತವೆ, ಹಿಡಿಸಿದವರನ್ನು ಉಳಿಸಿಕೊಳ್ಳುತ್ತವೆ. ನಿಮ್ಮ ಕಾಲೇಜಿಗೆ ಅಂಥ ಕಂಪನಿ ಬರುತ್ತಾ ಅನ್ನೋದೇ ಪ್ರಶ್ನೆ. ಬರದಿದ್ದರೆ ಎಂ.ಟೆಕ್ ಮುಗಿಸಿ ಮತ್ತೆ ಅದೇ ಸಾಫ್ಟ್‌ವೇರ್ ಸರ್ವಿಸ್ ಕಂಪನಿಯ ಸಾಲಿನಲ್ಲಿ, ಬಿ.ಇ. ಹುಡುಗರ ಜೊತೆ ನಿಲ್ಲಬೇಕಾಗುತ್ತೆ.

ಇಂಟರ್ವ್ಯೂನಲ್ಲಿ ಡಿಗ್ರಿ ನೋಡಿ ಯಾರೂ ಕೆಲಸ ಕೊಡೋದಿಲ್ಲ. ಸೆಟಪ್ ಟೈಮ್, ಹೋಲ್ಡ್ ಟೈಮ್ ಕೇಳ್ತಾರೆ. ಸಣ್ಣ ಎಫ್‌ಎಸ್‌ಎಂ ಕೊಟ್ಟು ವೆರಿಲಾಗ್ ಬರಿ ಅಂತಾರೆ. ಬಿ.ಇ. ಮೇಲೆ ಬಂದವರೂ ನಮ್ಮಲ್ಲಿದ್ದಾರೆ, ಕಡಿಮೆ. ಹೆಚ್ಚಿನವರು ಎಂ.ಟೆಕ್.

ರಾಣೆಬೆನ್ನೂರು ಆಗ್ರಿ

ನನ್ನದೂ ಇಂಥದ್ದೇ ಕಥೆ. ಬಿಎಸ್ಸಿ ಆಗ್ರಿ ಮುಗಿದಾಗ ಗೊಬ್ಬರದ ಕಂಪನಿಯಲ್ಲಿ ಸೇಲ್ಸ್ ಕೆಲಸ ಸಿಕ್ಕಿತ್ತು, ಬೈಕ್ ಪೆಟ್ರೋಲ್ ಸಮೇತ. ಬಿಟ್ಟು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಮಾಡಿದೆ. ಈಗ ನಮ್ಮೂರಲ್ಲೇ ಬೀಜದ ಕಂಪನಿಯಲ್ಲಿ ಬ್ರೀಡಿಂಗ್ ವಿಭಾಗದಲ್ಲಿದ್ದೇನೆ. ಅಲ್ಲಿ ಎಂಎಸ್ಸಿ ಇಲ್ಲದವರ ಅರ್ಜಿಯನ್ನೇ ನೋಡೋದಿಲ್ಲ. ಸೇಲ್ಸ್‌ಗೆ ಹೋದ ಗೆಳೆಯರು ಪಗಾರದಲ್ಲಿ ನನಗಿಂತ ಮುಂದಿದ್ದಾರೆ, ಇನ್ಸೆಂಟಿವ್ ಸೇರಿಸಿದರೆ ಬಹಳ ಮುಂದೆ. ಆದರೆ ಟಾರ್ಗೆಟ್ ಅಂತ ತಿಂಗಳ ಕೊನೆಗೆ ಅವರ ಮುಖ ನೋಡಬೇಕು ನೀವು. ಹಾಗಾಗಿ ಓದ್ರಿ ಅಂತೀನಿ.

ಮಾಳಮಡ್ಡಿ ಕಾಕಾ

ರಾಣೆಬೆನ್ನೂರಿನವರೇ, ನಿಮ್ಮಲ್ಲಿ ಎಂಎಸ್ಸಿ ಇಲ್ಲದೇ ಬಾಗಿಲೇ ತೆರೆಯೋದಿಲ್ಲ. ಹಾವೇರಿಯವರ ಮಾತು ನೋಡಿದರೆ ಇವಳಲ್ಲಿ ಬಾಗಿಲು ಅರ್ಧ ತೆರೆದಿದೆ. ಆದ್ದರಿಂದ ಇಲ್ಲಿ ಡಿಗ್ರಿ ತಗೊಂಡರೂ ಆ ಕೆಲಸ ಸಿಗದಿರುವ ಸಾಧ್ಯತೆಯನ್ನು ಲೆಕ್ಕಕ್ಕೆ ತರಬೇಕು.

ಮುಂದುವರಿಸುತ್ತೇನೆ. 10.7 ಲಕ್ಷ ವಾಪಸ್ ಬರಬೇಕು. ಎಷ್ಟು ವರ್ಷದಲ್ಲಿ? ನಾನು ಹತ್ತು ವರ್ಷ ಕೊಡುತ್ತೇನೆ. ಅದಕ್ಕಿಂತ ಉದ್ದಕ್ಕೆ ಎರಡು ಪಗಾರದ ನಡುವಿನ ಅಂತರ ಹಾಗೇ ಉಳಿಯುತ್ತೆ ಅಂತ ನಂಬೋದು ಕಷ್ಟ. ಶೇ. 10ರಲ್ಲಿ ಹತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 1.74 ಲಕ್ಷ. ಅಂದರೆ ಎಂ.ಟೆಕ್ ಆದ ಮೇಲೆ ತಿಂಗಳಿಗೆ 14,500 ಹೆಚ್ಚು ಕೈಗೆ ಬರಬೇಕು, ಹತ್ತೂ ವರ್ಷ.

ಯಾವುದಕ್ಕಿಂತ ಹೆಚ್ಚು? ಇಲ್ಲೇ ವಿದ್ಯಾನಗರದವರ ಲೆಕ್ಕ ಜಾರಿದ್ದು. ಇವಳು ಎಂ.ಟೆಕ್ ಮುಗಿಸಿ ಬರುವಾಗ ಹೋಲಿಸಬೇಕಾದ್ದು ಇವತ್ತಿನ 4.2 ಅಲ್ಲ. ನೌಕರಿಗೆ ಹೋಗಿದ್ದರೆ ಮೂರನೇ ವರ್ಷದಲ್ಲಿ ಇರುತ್ತಿದ್ದ ಪಗಾರ. ಶೇ. 8ರಂತೆ ಏರಿದರೂ ಅದು 4.9. ಹಾಗಾಗಿ 7 ಲಕ್ಷದ ಹತ್ತಿರ ಸಿಕ್ಕರೆ ಸರಿಸಮ, ಅದರ ಮೇಲೆ ಸಿಕ್ಕಿದ್ದು ಲಾಭ. ತೆರಿಗೆ ಚಿಂತೆ ಸದ್ಯ ಇಲ್ಲ. ಹೊಸ ಪದ್ಧತಿಯಲ್ಲಿ 2025-26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬರೋದಿಲ್ಲ. ಅದೇ ಕಾರಣಕ್ಕೆ "ಶಿಕ್ಷಣ ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಇದೆ" ಅಂತ ಯಾರಾದರೂ ಆಸೆ ತೋರಿಸಿದರೆ ಕಿವಿಗೆ ಹಾಕಿಕೊಳ್ಳಬೇಡ. ಅದು ಹಳೇ ಪದ್ಧತಿಯವರಿಗೆ ಮಾತ್ರ.

ಚಿಪ್ ಕಂಪನಿಯಲ್ಲಿ 9 ಲಕ್ಷ ಸಿಕ್ಕಿತು ಅನ್ನೋಣ. 4.9ಕ್ಕೆ ಹೋಲಿಸಿದರೆ ಕೈಗೆ ವರ್ಷಕ್ಕೆ 3.6 ಲಕ್ಷ ಹೆಚ್ಚು. ಸಿಗದಿದ್ದರೆ ಹೆಚ್ಚು ಸೊನ್ನೆ. ಬೇಕಾದ್ದು ಸರಾಸರಿ 1.74. ಅಂದರೆ ಆ ಕಾಲೇಜಿನಲ್ಲಿ ಎಂ.ಟೆಕ್ ಸೇರಿದ ಹತ್ತು ಜನರಲ್ಲಿ ಸುಮಾರು ಐವರಿಗಾದರೂ ಅಂಥ ಕೆಲಸ ಸಿಗುತ್ತಿರಬೇಕು. ಖರೇ ಹೇಳಬೇಕಂದರೆ ಐದಕ್ಕಿಂತ ಸ್ವಲ್ಪ ಹೆಚ್ಚೇ ಬೇಕು. ಯಾಕಂದರೆ ಸಿಗದವರು ಮತ್ತೆ ಫ್ರೆಷರ್ ಪಗಾರದಿಂದ ಶುರು ಮಾಡುತ್ತಾರೆ, 4.9ರಿಂದ ಅಲ್ಲ.

ಚಿಪ್ಪಿನ ಹಾವೇರಿ

ಕಾಕಾ, ಶೇ. 8ರ ಏರಿಕೆ ನನಗೆ ಒಪ್ಪಿಗೆಯಿಲ್ಲ. ಸರ್ವಿಸ್ ಕಂಪನಿಯಲ್ಲಿ ಎರಡು ವರ್ಷ ಕೂತು ಕಂಪನಿ ಬದಲಿಸಿದವರು ಒಮ್ಮೆಲೇ ಆರೂವರೆ ಲಕ್ಷಕ್ಕೆ ಹೋಗಿದ್ದಾರೆ. ಹಾಗಾದರೆ ನಿಮ್ಮ 7 ಲಕ್ಷದ ಗೆರೆ ಎಂಟೂವರೆಗೆ ಏರುತ್ತೆ. ಇನ್ನೊಂದು ಕಡೆ, ಎರಡು ವರ್ಷ ಬೆಂಚ್ ಮೇಲೆ ಕೂರಿಸಿ ಸಪೋರ್ಟ್ ಪ್ರಾಜೆಕ್ಟಿಗೆ ಹಾಕಿದರೆ ಶೇ. 4 ಏರಿಕೆಯೂ ಸಿಗೋದಿಲ್ಲ. ನಮ್ಮ ಕಡೆಯೂ ಹಾಗೇ. ಐದು ವರ್ಷ ಆದ ಮೇಲೆ ಅಂತರ ಇನ್ನೂ ದೊಡ್ಡದಾಗುತ್ತೆ, ಹತ್ತು ವರ್ಷ ಒಂದೇ ತರಹ ಇರೋದಿಲ್ಲ.

ಮಾಳಮಡ್ಡಿ ಕಾಕಾ

ನಿಮ್ಮ ಕ್ಷೇತ್ರ ನಿಮಗೆ ಗೊತ್ತು, ವಾದ ಮಾಡೋದಿಲ್ಲ. ಅಂತರ ದೊಡ್ಡದಾಗುತ್ತೆ ಅನ್ನೋದನ್ನು ಮಾತ್ರ ಸಾಲ ಕೊಟ್ಟವನಾಗಿ ನಾನು ಲೆಕ್ಕಕ್ಕೆ ಹಿಡಿಯೋದಿಲ್ಲ. ಚಿಪ್ ಉದ್ಯಮ ಒಂದೆರಡು ವರ್ಷ ಮಲಗಿದ್ದನ್ನೂ ನೋಡಿದ್ದೇನೆ.

ವಿದ್ಯಾನಗರ ಎಂಬಿಎ

ಇಷ್ಟೆಲ್ಲ ಕೂಡಿಸಿ ಕಳೆದು ಕೊನೆಗೆ ಗೊತ್ತಾಗೋದು "ಗೊತ್ತಿಲ್ಲ" ಅಂತ. ನನ್ನ ಗೆಳೆಯ ಎಂ.ಟೆಕ್ ಮಾಡಿ 12 ಲಕ್ಷಕ್ಕೆ ಹೋದ. ಅವನು ಯಾವ ಲೆಕ್ಕ ಹಾಕಿದ್ದ?

ಬೆಟಗೇರಿ ಇಸಿ

ಆ ಗೆಳೆಯರು ಗೇಟ್ ಮೇಲೆ ಸೇರಿದ್ದರಾ ಸರ್?

ವಿದ್ಯಾನಗರ ಎಂಬಿಎ

ಹೌದು, ಎನ್‌ಐಟಿ.

ಮಾಳಮಡ್ಡಿ ಕಾಕಾ

ಅದೇ ನೋಡಿ. ಡಿಗ್ರಿ ಹೆಸರು ಒಂದೇ, ಬೆಲೆ ಬೇರೆ. ಗೇಟ್ ಮೇಲೆ ಸರ್ಕಾರಿ ಸಂಸ್ಥೆಗೆ ಹೋದರೆ ಫೀ, ಹಾಸ್ಟೆಲ್, ಮೆಸ್ ಸೇರಿ ಎರಡು ವರ್ಷಕ್ಕೆ 3.5 ಲಕ್ಷ ಇಡೋಣ. ಸ್ಟೈಪೆಂಡ್ 2,97,600 ಬರುತ್ತೆ. ಮನೆಯಿಂದ ಹೋಗೋದು ಅರ್ಧ ಲಕ್ಷ. ನೌಕರಿ ಬಿಟ್ಟಿದ್ದಕ್ಕೆ ಹೋದ ಎರಡು ವರ್ಷದ ಉಳಿತಾಯ 4.2 ಲಕ್ಷ ಸೇರಿಸಿ, ಬಡ್ಡಿ ಹಾಕಿದರೆ 4.9 ಲಕ್ಷ. ಖಾಸಗಿ ಕಾಲೇಜಿನ 10.7ರ ಅರ್ಧಕ್ಕಿಂತ ಕಡಿಮೆ. ಹತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 80,000. ಅಲ್ಲಿ ಹತ್ತರಲ್ಲಿ ಮೂವರಿಗೆ ಚಿಪ್ ಕೆಲಸ ಸಿಕ್ಕರೂ ನಷ್ಟವಿಲ್ಲ.

ಇನ್ನೂ ಒಂದು ವಿಷಯ ಬಹಳ ಮಂದಿಗೆ ಗೊತ್ತಿರೋದಿಲ್ಲ. ಸ್ಟೈಪೆಂಡ್ ಬರೀ ಎನ್‌ಐಟಿಯವರಿಗೆ ಅಲ್ಲ. ಎಐಸಿಟಿಇ ಮಾನ್ಯತೆ ಇರುವ ಖಾಸಗಿ ಕಾಲೇಜಿಗೂ ಗೇಟ್ ಅರ್ಹತೆ ಮೇಲೆ ಸೇರಿದರೆ ಸಿಗುತ್ತೆ. ಸೇರುವ ದಿನ ಗೇಟ್ ಸ್ಕೋರ್ ಚಾಲ್ತಿಯಲ್ಲಿರಬೇಕು. ಮೊದಲು ಸೇರಿ ಆಮೇಲೆ ಗೇಟ್ ಪಾಸಾದರೆ ಬರೋದಿಲ್ಲ. ಜೊತೆಗೆ ಬೇರೆ ಸಂಬಳ, ಸ್ಕಾಲರ್‌ಶಿಪ್ ತಗೊಳ್ಳೋ ಹಾಗಿಲ್ಲ. ಹಾಗಾಗಿ ಇಂಟರ್ನ್‌ಶಿಪ್ ದುಡ್ಡು, ಸ್ಟೈಪೆಂಡ್ ಎರಡೂ ಬರುತ್ತೆ ಅಂತ ಲೆಕ್ಕ ಹಾಕಬೇಡ.

ಅಂದರೆ ನಿನ್ನ ಅದೇ ಕಾಲೇಜು, ಅದೇ ಫೀ, ಬರೀ ಗೇಟ್ ಅರ್ಹತೆ ಇದ್ದಿದ್ದರೆ 10.7 ಹೋಗಿ 7.6 ಆಗುತ್ತಿತ್ತು. ಬಿದ್ದುಹೋದ ಆ ಎರಡು ಅಂಕದ ಬೆಲೆ 3 ಲಕ್ಷ.

ಬೆಟಗೇರಿ ಇಸಿ

ಕಾಕಾ, ಇದನ್ನು ಓದಿ ಹೊಟ್ಟೆ ಉರಿಯಿತು :( ಹಾಗಾದರೆ ನೌಕರಿ ಹಿಡಿದು, ಮುಂದಿನ ಫೆಬ್ರವರಿಯಲ್ಲಿ ಮತ್ತೆ ಗೇಟ್ ಬರೆದರೆ? ಬಾಂಡ್ ಇದೆಯಲ್ಲ?

ಮಾಳಮಡ್ಡಿ ಕಾಕಾ

ಗೇಟ್ ಸ್ಕೋರ್ ಮೂರು ವರ್ಷ ನಡೆಯುತ್ತೆ. ಹಾಗಾಗಿ ಎರಡು ದಾರಿ. ಒಂದು ವರ್ಷ ದುಡಿದು, 1.5 ಲಕ್ಷ ಕಟ್ಟಿ ಬಾಂಡ್ ಮುರಿದು ಎಂ.ಟೆಕ್ ಸೇರಿದರೆ, ಸರ್ಕಾರಿ ಸಂಸ್ಥೆಯ ಲೆಕ್ಕದಲ್ಲಿ ಸುಮಾರು 7.2 ಲಕ್ಷ ಬೀಳುತ್ತೆ. ಬಾಂಡ್ ಮುಗಿಸಿಯೇ ಹೋದರೆ ಸುಮಾರು 6 ಲಕ್ಷ. ಇವತ್ತೇ ಹೋಗಿದ್ದರೆ 4.9 ಇತ್ತು. ತಡ ಮಾಡಿದಷ್ಟೂ ಬಿಡುವ ಪಗಾರ ದೊಡ್ಡದಾಗುತ್ತೆ, ಅದಕ್ಕೇ ಏರಿದ್ದು. ಆದರೂ ಇವತ್ತು ಗೇಟ್ ಇಲ್ಲದೇ ಖಾಸಗಿಗೆ ಹೋಗುವ 10.7ಕ್ಕಿಂತ ಎರಡೂ ಸೋವಿ. ಎರಡು ವರ್ಷದಲ್ಲಿ 4 ಲಕ್ಷದಷ್ಟು ಕೈಯಲ್ಲೂ ಇರುತ್ತೆ, ಅಪ್ಪಾರ ಸಹಿ ತಮ್ಮನಿಗೆ ಉಳಿಯುತ್ತೆ.

ಬಾಂಡ್ ಕಾಗದ ಓದಿಯೇ ಸಹಿ ಹಾಕು. 1.5 ಲಕ್ಷ ಪೂರ್ತಿ ಕೊನೇ ದಿನದವರೆಗೂ ಕೇಳುತ್ತಾರೋ, ತಿಂಗಳು ಕಳೆದಂತೆ ಇಳಿಯುತ್ತೋ ಅಂತ ಬರೆದಿರುತ್ತೆ. ಮೂಲ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತೇವೆ ಅಂದರೆ ಒಪ್ಪಬೇಡ. ಎಂ.ಟೆಕ್ ಪ್ರವೇಶಕ್ಕೆ ಅದೇ ಬೇಕು.

ಚಿಪ್ಪಿನ ಹಾವೇರಿ

ಇಲ್ಲಿ ನನ್ನ ತಕರಾರು ಇದೆ. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ರಾತ್ರಿ ಎಂಟಕ್ಕೆ ಪಿಜಿಗೆ ಬರೋ ಹುಡುಗಿ ಸಿಗ್ನಲ್ಸ್, ನೆಟ್‌ವರ್ಕ್ಸ್ ಓದೋದು ಯಾವಾಗ? ನನ್ನ ಜೊತೆ ಸೇರಿದವರಲ್ಲಿ "ಮುಂದಿನ ವರ್ಷ ಗೇಟ್" ಅಂದವರು ಬಹಳ, ಬರೆದವರು ಕಡಿಮೆ. ಕಾಲೇಜಿನಿಂದ ದೂರ ಆದಷ್ಟೂ ವಿಷಯ ಮರೆಯುತ್ತೆ. ಎರಡು ವರ್ಷ ಜಾವಾ ಬರೆದವರನ್ನು ಚಿಪ್ ಕಡೆ ಕರೆಯೋದಕ್ಕೂ ಹಿಂದೆ ಮುಂದೆ ನೋಡ್ತಾರೆ. ಕಾಕಾ ಅವರ ಲೆಕ್ಕದಲ್ಲಿ ಗೇಟ್ ಪಾಸಾಗೋದು ನೂರಕ್ಕೆ ನೂರು ಅಂತ ಇದೆ.

ಬೆಟಗೇರಿಯವರೇ, ನೀವು ಮೊದಲು ಆ ಕಾಲೇಜಿನ ಪ್ಲೇಸ್‌ಮೆಂಟ್ ಸೆಲ್‌ಗೆ ಹೋಗಿ. ಕಾಲೇಜಿನ ಬಾಗಿಲ ಬಳಿ ಹಾಕಿರೋ ಫ್ಲೆಕ್ಸ್ ಮೇಲಿನ ಅತಿ ಹೆಚ್ಚಿನ ಪ್ಯಾಕೇಜ್ ಬೇಡ. ಎಂ.ಟೆಕ್ ವಿಎಲ್‌ಎಸ್‌ಐಗೆ ಎಷ್ಟು ಜನ ಸೇರಿದ್ದರು, ಅವರಲ್ಲಿ ಎಷ್ಟು ಜನ ಯಾವ ಕಂಪನಿಗೆ ಹೋದರು, ಅಷ್ಟು ಕೇಳಿ. "ಶೇ. 90 ಪ್ಲೇಸ್‌ಮೆಂಟ್" ಅಂದರೆ ಯಾವುದರ 90 ಅಂತ ಕೇಳಿ. ಪ್ಲೇಸ್‌ಮೆಂಟ್‌ಗೆ ಹೆಸರು ಕೊಟ್ಟವರನ್ನು ಮಾತ್ರ ಎಣಿಸಿರುತ್ತಾರೆ.

ಬೆಟಗೇರಿ ಇಸಿ

ಇವತ್ತು ಹೋಗಿದ್ದೆ. ಮೊದಲು ಬ್ರೋಷರ್ ಕೊಟ್ಟರು. "ಸರ್, ಇದು ಬಿ.ಇ., ಎಂ.ಟೆಕ್ ಎಲ್ಲ ಸೇರಿಸಿ ಇದೆ, ಬರೀ ವಿಎಲ್‌ಎಸ್‌ಐ ಬೇಕು" ಅಂದೆ. ಕ್ಲರ್ಕ್ ಸರ್ ಒಳ್ಳೆಯವರು, ರಿಜಿಸ್ಟರ್ ತೆಗೆದು ತೋರಿಸಿದರು. ಹೋದ ಬ್ಯಾಚ್‌ಗೆ ಸೇರಿದವರು 18. ಹೆಸರು ಕೊಟ್ಟವರು 12. ಕೆಲಸ ಸಿಕ್ಕವರು 11. ಅದಕ್ಕೇ ಫ್ಲೆಕ್ಸ್ ಮೇಲೆ ಶೇ. 90 ಅಂತ ಇದೆ. ಆ 11ರಲ್ಲಿ ಚಿಪ್ ಕಂಪನಿಗೆ ಹೋದವರು 7. ಉಳಿದ ನಾಲ್ವರು ಸಾಫ್ಟ್‌ವೇರ್, ಅದರಲ್ಲಿ ಒಬ್ಬರು ನನಗೆ ಆಫರ್ ಕೊಟ್ಟ ಕಂಪನಿಗೇ ಹೋಗಿದ್ದಾರೆ.

18ಕ್ಕೆ 7 ಅಂದರೆ ಹತ್ತಕ್ಕೆ ನಾಲ್ಕರ ಹತ್ತಿರ. ಕಾಕಾ ಹೇಳಿದ ಐದಕ್ಕಿಂತ ಕಡಿಮೆ. ಆದರೆ ಸ್ಟೈಪೆಂಡ್ ಇದ್ದರೆ 7.6 ಲಕ್ಷ ಅಂದಿರಲ್ಲ, ಅದನ್ನು ನಾನೇ ಹಾಕಿ ನೋಡಿದೆ. ವರ್ಷಕ್ಕೆ 1.24 ಲಕ್ಷ, 3.6ಕ್ಕೆ ಭಾಗಿಸಿದರೆ ಹತ್ತಕ್ಕೆ ಮೂರೂವರೆ. ಅಂದರೆ ಗೇಟ್ ಇದ್ದರೆ ಇದೇ ಕಾಲೇಜು ಸರಿ, ಇಲ್ಲದಿದ್ದರೆ ಬೇಡ. ಸರಿ ತಾನೇ ಕಾಕಾ?

ಮಾಳಮಡ್ಡಿ ಕಾಕಾ

ಸರಿ ಇದೆ. ಮೂರೂವರೆ ಮತ್ತು ನಾಲ್ಕರ ನಡುವೆ ಜಾಗ ಬಹಳ ಕಡಿಮೆ, ಒಂದು ಬ್ಯಾಚ್‌ನಲ್ಲಿ ಒಬ್ಬರು ಆಚೀಚೆ ಆದರೂ ಉಲ್ಟಾ ಆಗುತ್ತೆ. ಹಿಂದಿನ ಎರಡು ಬ್ಯಾಚಿನದೂ ಕೇಳು.

ಇಬ್ಬರು ಮಕ್ಕಳ ಅವ್ವ

ತಂಗಿ, ಆ ಆರು ಮಂದಿ ಹೆಸರ ಕೊಡಲಿಲ್ಲ ಅಂತಲ್ಲ, ಅವರು ಎಲ್ಲಿ ಹೋದರು?

ಬೆಟಗೇರಿ ಇಸಿ

ಕೇಳಿದೆ ಅಕ್ಕಾ. ಇಬ್ಬರು ಡಿಪ್ಲೊಮಾ ಕಾಲೇಜಿನಲ್ಲಿ ಪಾಠ ಮಾಡ್ತಾರಂತೆ. ಒಬ್ಬರದು ಮದುವೆಯಾಯಿತಂತೆ. ಉಳಿದವರ ಬಗ್ಗೆ ರಿಜಿಸ್ಟರ್‌ನಲ್ಲಿ ಏನೂ ಇಲ್ಲ.

ಚಿಪ್ಪಿನ ಹಾವೇರಿ

ಆ 7ರಲ್ಲಿ ಎಷ್ಟು ಜನರದು ಕಾಯಂ ಆಫರ್, ಎಷ್ಟು ಜನರದು ಬರೀ ಇಂಟರ್ನ್‌ಶಿಪ್? ಕೆಲವು ಕಾಲೇಜುಗಳು ಇಂಟರ್ನ್‌ಶಿಪ್ ಲೆಟರ್ ಬಂದ ಕೂಡಲೇ ಪ್ಲೇಸ್‌ಮೆಂಟ್ ಅಂತ ಬರೆದುಬಿಡ್ತಾವೆ. ಸಾಧ್ಯವಾದರೆ ಆ ಏಳು ಜನರಲ್ಲಿ ಒಬ್ಬರ ಜೊತೆಯಾದರೂ ಫೋನ್‌ನಲ್ಲಿ ಮಾತಾಡಿ. ಕಂಪನಿ ಹೆಸರು ಮೆಸೇಜ್ ಮಾಡಿದರೆ ಅಲ್ಲಿ ಡಿಸೈನ್ ಕೆಲಸವೋ, ಬರೀ ಟೆಸ್ಟ್ ಬೆಂಚ್ ಸಪೋರ್ಟೋ ನಾನು ಹೇಳ್ತೀನಿ.

ಬೆಟಗೇರಿ ಇಸಿ

ಸೋಮವಾರ ಮತ್ತೆ ಹೋಗಿ ಕೇಳ್ತೀನಿ ಅಣ್ಣಾ. ಕಂಪನಿಯ ಎಚ್‌ಆರ್‌ಗೂ ಮೇಲ್ ಹಾಕಿದ್ದೇನೆ, ಬಾಂಡ್ ದುಡ್ಡು ತಿಂಗಳು ಕಳೆದಂತೆ ಇಳಿಯುತ್ತಾ ಅಂತ. ಇನ್ನೂ ಉತ್ತರ ಬಂದಿಲ್ಲ. ಆಫರ್‌ಗೆ ಒಪ್ಪಿಗೆ ಕೊಡೋಕೆ ಇದೇ 20ನೇ ತಾರೀಖು ಕೊನೆ.

ಸಪ್ತಾಪುರದವ

ತಂಗಿ, 20ಕ್ಕ ಏನೂ ಆಗಲಿಲ್ಲ ಅಂದ್ರ ರೂಮ್ ಖಾಲಿ ಅದ.